ಜರ್ಮನಿಯಲ್ಲಿ ಒಂದು ವರ್ಷದ ಪೋಸ್ಟ್‌ಡಾಕ್: ಸಹಿಗೆ ಮುನ್ನ ಏನು ಕೇಳಬೇಕು?

ಪ್ರಶ್ನೆ: ಐದು ವರ್ಷ ಸಂಶೋಧನೆ ಮಾಡಿ ಧಾರವಾಡದಲ್ಲಿ ರಸಾಯನಶಾಸ್ತ್ರದ ಪಿಎಚ್‌.ಡಿ. ಮುಗಿಸಿದ್ದೇನೆ. ಜರ್ಮನಿಯ ಪ್ರೊಫೆಸರ್ ಒಬ್ಬರು ಜನವರಿಯಿಂದ ಒಂದು ವರ್ಷದ ಹುದ್ದೆ ಕೊಡುತ್ತಾರಂತೆ, ‘ಮುಂದಿನದು ಆಮೇಲೆ ನೋಡೋಣ’ ಅಂದಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ಸಂಬಳದ ಹಣ ಎಲ್ಲಿಂದ ಬರುತ್ತದೆ ಎಂದು ಮೊದಲು ಕೇಳಿ. ಒಪ್ಪಂದದಲ್ಲಿ ಸಂಶೋಧಕರ ಸೀಮಿತಾವಧಿ ನೇಮಕಕ್ಕಿರುವ WissZeitVG ಎಂಬ ಕಾಯ್ದೆಯ ಹೆಸರಿರುತ್ತದೆ. ಅದರ ಪಕ್ಕ § 2 Abs. 2 ಎಂದಿದ್ದರೆ ನಿಮ್ಮ ಹುದ್ದೆ ಹೊರಗಿನ ಅನುದಾನದ ಯೋಜನೆಯದು. ಇಂಥ ಒಪ್ಪಂದದ ಅವಧಿ ಸಾಮಾನ್ಯವಾಗಿ ಯೋಜನೆಗೆ ಮಂಜೂರಾದ ಅವಧಿಗೆ ಸರಿಹೊಂದಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಯೋಜನೆ ಇನ್ನೂ ಎರಡು ವರ್ಷ ಇದ್ದೂ ನಿಮಗೆ ಒಂದೇ ವರ್ಷ ಕೊಡುತ್ತಿದ್ದರೆ ಕಾರಣ ಕೇಳಲು ಸಂಕೋಚ ಬೇಡ. ಹಣ ಕೊಡುವುದು ಜರ್ಮನ್ ಸಂಶೋಧನಾ ಪ್ರತಿಷ್ಠಾನವಾದರೆ gepris.dfg.de ತಾಣದಲ್ಲಿ ಪ್ರೊಫೆಸರ್ ಹೆಸರು ಹಾಕಿ, ಯೋಜನೆ ಯಾವ ವರ್ಷ ಶುರುವಾಯಿತೆಂದು ನೋಡಬಹುದು. ಬೇರೆ ಹುದ್ದೆ ಹುಡುಕಲೂ ಇದೇ ತಾಣ ಉಪಯುಕ್ತ: ಈಗಷ್ಟೇ ಹಣ ಬಂದ ಪ್ರಯೋಗಾಲಯಕ್ಕೆ ಜನ ಬೇಕಿರುತ್ತದೆ, ಜಾಹೀರಾತು EURAXESS ತಾಣಕ್ಕೆ ಬರುವ ಮೊದಲೇ ಪತ್ರ ಬರೆಯಬಹುದು.

§ 2 Abs. 1 ಎಂದಿದ್ದರೆ ವರ್ಷಗಳ ಲೆಕ್ಕ ಬೇರೆ. ವೈದ್ಯಕೀಯ ಬಿಟ್ಟು ಉಳಿದ ಶಾಖೆಗಳಲ್ಲಿ ಪಿಎಚ್‌.ಡಿ.ಗೆ ಮೊದಲು 6, ನಂತರ 6 ವರ್ಷ ಹೀಗೆ ನೇಮಿಸಬಹುದು. ಮೊದಲ ಆರರಲ್ಲಿ ಉಳಿದದ್ದು ಮುಂದಿನದಕ್ಕೆ ಸೇರುತ್ತದೆ. ನಿಮ್ಮ ಪಿಎಚ್‌.ಡಿ.ಗೆ 5 ವರ್ಷ ಹಿಡಿದಿರುವುದರಿಂದ ನಿಮಗೆ 7 ವರ್ಷ ಸಿಗುತ್ತದೆ. ಅಂದರೆ ಒಂದೇ ವರ್ಷ ಕೊಡಲು ಕಾಯ್ದೆಯ ಮಿತಿ ಕಾರಣವಲ್ಲ, ಹಣವೇ ಕಾರಣವಿರಬೇಕು.

ಒಂದು ವರ್ಷದ ನಿಜವಾದ ತೊಂದರೆ ಕ್ಯಾಲೆಂಡರಿನದು. ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಅರ್ಜಿಯ ಕೊನೆ ದಿನ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಬರುತ್ತದೆ, ಫಲಿತಾಂಶ ಮುಂದಿನ ಫೆಬ್ರುವರಿ ಹೊತ್ತಿಗೆ. ನಿಮ್ಮ ಒಪ್ಪಂದ ಡಿಸೆಂಬರಿಗೇ ಮುಗಿದಿರುತ್ತದೆ. ಆ ಸೆಪ್ಟೆಂಬರ್ ತಪ್ಪಿಸಿಕೊಂಡು, ಒಪ್ಪಂದ ಮುಂದುವರಿದು ಅಲ್ಲೇ ಉಳಿದರೆ ಇನ್ನೊಂದು ಪೇಚು: ಕೊನೆ ದಿನಕ್ಕೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಜರ್ಮನಿಯಲ್ಲಿ ವಾಸಿಸಿದವರು ಅಥವಾ ಕೆಲಸ ಮಾಡಿದವರು ಅಲ್ಲಿಗೇ ಅರ್ಜಿ ಹಾಕುವಂತಿಲ್ಲ. ಬೇರೆ ದೇಶದ ಆತಿಥೇಯರನ್ನು ಹುಡುಕಬೇಕಾಗುತ್ತದೆ. ಆದ್ದರಿಂದ ಹೋದ ಮೊದಲ ಬೇಸಿಗೆಯಲ್ಲೇ ಆತಿಥೇಯರ ಜೊತೆ ಪ್ರಸ್ತಾವ ಬರೆಯಲು ಕೂರಿ.

ನನ್ನ ಸಲಹೆ: ಎರಡು ವರ್ಷ ಕೇಳಿ. ಆಗದಿದ್ದರೆ ಮುಂದಿನ ವರ್ಷದ ಹಣ ಯಾವ ಯೋಜನೆಯಿಂದ ಬರಬಹುದು, ಆ ತೀರ್ಮಾನ ಯಾವಾಗ ಎಂದು ಇಮೇಲಿನಲ್ಲಿ ಬರೆಸಿಕೊಳ್ಳಿ. ಇಮೇಲ್ ಕಾನೂನಿನ ಖಾತರಿಯಲ್ಲ, ಆದರೆ ಉತ್ತರ ತೇಲಿಸಿದ್ದಾದರೆ ಅದೇ ಸುಳಿವು. ಸಂಬಳದ ದರ್ಜೆ ಇ 13 ಎಂದಷ್ಟೇ ನೋಡಿ ನಿಲ್ಲಬೇಡಿ, ಪೂರ್ತಿ ಹುದ್ದೆಯೋ ಅರೆಕಾಲಿಕವೋ ಎಂದೂ ನೋಡಿ.

ಸೇರಿದರೆ ಒಪ್ಪಂದ ಮುಗಿಯಲು ಮೂರು ತಿಂಗಳು ಇರುವಾಗಲೇ ಉದ್ಯೋಗ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ತಡವಾದರೆ ನಿರುದ್ಯೋಗ ಭತ್ಯೆ ಒಂದು ವಾರ ತಡೆಹಿಡಿಯಲ್ಪಡಬಹುದು. ಆ ಭತ್ಯೆಗೆ 12 ತಿಂಗಳು ವಂತಿಗೆ ಕಟ್ಟಿರಬೇಕು. ಹಾಗಾಗಿ ಜನವರಿ ಮಧ್ಯದಲ್ಲಿ ಸೇರಿ ಡಿಸೆಂಬರಿಗೆ ಮುಗಿಯುವ ಒಪ್ಪಂದ ಕೆಲವೇ ದಿನಗಳಿಂದ ಕೈಕೊಡುತ್ತದೆ.