ಬಿಲ್ ಮೇಲೆ 'ಅಂಡ್ ಕಂಪನಿ' ಅಂತ ಇದ್ದರೆ ಅದು ಕಂಪನಿನಾ?

ಪ್ರಶ್ನೆ: ಹುಬ್ಬಳ್ಳಿಯ ಒಬ್ಬರು ಬ್ಯಾಡಗಿ ಮೆಣಸಿನಕಾಯಿಯನ್ನು ಉದ್ರಿ ಕೇಳ್ತಿದ್ದಾರೆ. ಪ್ರೈವೇಟ್ ಲಿಮಿಟೆಡ್, ಪಾಲುದಾರಿಕೆ, ಎಲ್‌ಎಲ್‌ಪಿ, ಇವರು ಯಾವುದು ಅಂತ ಹೇಗೆ ತಿಳಿಯೋದು? ದುಡ್ಡು ನಿಂತರೆ ಯಾರನ್ನು ಹಿಡಿಯೋದು?

ಉತ್ತರ: ಹೆಸರು ನೋಡಬೇಡಿ. 'ಅಂಡ್ ಕಂಪನಿ' ಅಂತ ಒಬ್ಬರೇ ನಡೆಸುವ ಅಂಗಡಿಗೂ ಬೋರ್ಡ್ ಇರುತ್ತದೆ. ಬಿಲ್ಲಿನ ಜಿಎಸ್‌ಟಿ ನಂಬರ್ ತೆಗೆಯಿರಿ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲೆ ಬರುವುದು ಪ್ಯಾನ್, ಅದರ ನಾಲ್ಕನೇ ಅಕ್ಷರ ವ್ಯಾಪಾರ ಯಾವ ಬಗೆ ಅಂತ ಹೇಳುತ್ತದೆ. ಹಾಗಾಗಿ ಜಿಎಸ್‌ಟಿ ನಂಬರಿನ ಆರನೇ ಅಕ್ಷರ ನೋಡಿದರೆ ಸಾಕು. P ಇದ್ದರೆ ಒಬ್ಬರದೇ ವ್ಯಾಪಾರ, F ಇದ್ದರೆ ಪಾಲುದಾರಿಕೆ ಅಥವಾ ಎಲ್‌ಎಲ್‌ಪಿ ಅನ್ನುವ ಸೀಮಿತ ಹೊಣೆಯ ಪಾಲುದಾರಿಕೆ, C ಇದ್ದರೆ ಕಂಪನಿ. gst.gov.in ನಲ್ಲಿ ಅದೇ ನಂಬರ್ ಹಾಕಿ. Constitution of Business ಅನ್ನುವಲ್ಲಿ ಯಾವ ಬಗೆ ಅಂತ ಬಿಡಿಸಿ ಬರುತ್ತದೆ.

P ಬಂದರೆ ಅಂಗಡಿ, ಮಾಲೀಕ ಬೇರೆಬೇರೆ ಅಲ್ಲ. ಸಾಲಕ್ಕೆ ಅವರ ಸ್ವಂತ ಆಸ್ತಿಯೂ ಹೊಣೆ. ಪಾಲುದಾರಿಕೆಯಲ್ಲೂ ಅಷ್ಟೇ, ಪೂರ್ತಿ ಬಾಕಿಯನ್ನು ಯಾವ ಪಾಲುದಾರರಿಂದಲಾದರೂ ಕೇಳಬಹುದು. ಅದಕ್ಕೇ ಪಾಲುದಾರರ ಹೆಸರು ಮೊದಲೇ ಬರೆದಿಟ್ಟುಕೊಳ್ಳಿ.

ಎಲ್‌ಎಲ್‌ಪಿ, ಕಂಪನಿ ಕಥೆ ಉಲ್ಟಾ. ಸಾಲ ಸಂಸ್ಥೆಯದು. ಮೋಸ ಸಾಬೀತಾಗದಿದ್ದರೆ ಮನೆ, ಹೊಲ ಮುಟ್ಟೋದು ಕಷ್ಟ. 'ಪ್ರೈವೇಟ್ ಲಿಮಿಟೆಡ್' ಅಂದಕೂಡಲೇ ಜನ ಜಾಸ್ತಿ ನಂಬುತ್ತಾರೆ, ನಾನೂ ಒಮ್ಮೆ ಹಾಗೇ ನಂಬಿ ಕೈ ಸುಟ್ಟುಕೊಂಡೆ. mca.gov.in ನಲ್ಲಿ ಅದರ ಪಾವತಿಯಾದ ಬಂಡವಾಳ ನೋಡಿ. ಒಂದು ಲಕ್ಷ ಬಂಡವಾಳದವರು ಹತ್ತು ಲಕ್ಷದ ಮಾಲು ಉದ್ರಿ ಕೇಳಿದರೆ ನಿರ್ದೇಶಕರಿಂದ ವೈಯಕ್ತಿಕ ಜಾಮೀನು ಬರೆಸಿಕೊಳ್ಳಿ. ಕಂಪನಿಯ ನೋಂದಣಿ ಸಂಖ್ಯೆಯಲ್ಲಿ PTC ಇದ್ದರೆ ಪ್ರೈವೇಟ್, PLC ಇದ್ದರೆ ಪಬ್ಲಿಕ್. ಪಬ್ಲಿಕ್ ಅಂದರೆ ಶೇರುಪೇಟೆಯಲ್ಲಿ ಇದೆ ಅಂತಲ್ಲ. ಆ ಸಂಖ್ಯೆ L ನಿಂದ ಶುರುವಾದರೆ ಮಾತ್ರ ಹಾಗೆ.