ಮಾಟುಂಗದ ಹೋಟೆಲು, ಪಗಡಿ ಬಾಡಿಗೆ ಮತ್ತು ನನ್ನ ಸ್ವಾಟ್ ಪಟ್ಟಿ

ಪ್ರಶ್ನೆ: ಪುಣೆಯಲ್ಲಿ ಎಂಬಿಎ ಮೊದಲ ವರ್ಷ ಓದುತ್ತಿದ್ದೇನೆ. ಸ್ಟ್ರಾಟಜಿ ಅಸೈನ್‌ಮೆಂಟಿಗೆ ಒಂದು ಬೇಕರಿಯ ಸ್ವಾಟ್, ಅಂದರೆ ಸಾಮರ್ಥ್ಯ, ದೌರ್ಬಲ್ಯ, ಅವಕಾಶ, ಅಪಾಯ ಎಂಬ ನಾಲ್ಕು ಚೌಕದ ಪಟ್ಟಿ, ಮಾಡಿ 26 ಅಂಶ ಬರೆದಿದ್ದೆ. "ತೀರಾ ಸಾಮಾನ್ಯ, ವಿಶ್ಲೇಷಣೆಯೇ ಇಲ್ಲ" ಅಂತ ಮೇಡಂ ವಾಪಸ್ ಕೊಟ್ಟರು. ಇನ್ನೂ ಏನು ಸೇರಿಸಬೇಕು? ಸ್ವಾಟ್‌ನ ಮಿತಿಗಳ ಬಗ್ಗೆಯೂ ಬರೆಯಬೇಕಂತೆ.

ಏನೂ ಸೇರಿಸಬೇಡಿ, ತೆಗೆಯಿರಿ. 26ರಲ್ಲಿ ಐದಾರು ಉಳಿದರೆ ಸಾಕು. ಯಾವುದನ್ನು ಉಳಿಸಬೇಕು ಅನ್ನುವುದರಲ್ಲೇ ವಿಶ್ಲೇಷಣೆ ಇರುವುದು.

ಉದ್ದ ಪಟ್ಟಿಯ ಕಾಯಿಲೆ ವಿದ್ಯಾರ್ಥಿಗಳಿಗೆ ಮಾತ್ರ ಅಂಟಿದ್ದಲ್ಲ. 1997ರಲ್ಲಿ ಹಿಲ್ ಮತ್ತು ವೆಸ್ಟ್‌ಬ್ರೂಕ್ ಎಂಬಿಬ್ಬರು ಬ್ರಿಟನ್ನಿನ 20 ಕಂಪನಿಗಳು ಮಾಡಿದ ಸ್ವಾಟ್‌ಗಳನ್ನು ಪರಿಶೀಲಿಸಿ ಒಂದು ಲೇಖನ ಬರೆದರು. ಸರಾಸರಿ 40ಕ್ಕಿಂತ ಹೆಚ್ಚು ಅಂಶಗಳು, ಯಾವುದಕ್ಕೂ ಆದ್ಯತೆಯಿಲ್ಲ, ಯಾವುದನ್ನೂ ಯಾರೂ ಪರೀಕ್ಷಿಸಿಲ್ಲ. ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ, ಆಮೇಲೆ ನಿರ್ಧಾರ ಮಾಡುವಾಗ ಆ ಪಟ್ಟಿಯನ್ನು ಯಾರೂ ಬಳಸಿಯೇ ಇರಲಿಲ್ಲ. ಮಿತಿಗಳ ಭಾಗಕ್ಕೆ ಈ ಲೇಖನವನ್ನು ಹುಡುಕಿ ಓದಿ.

ನಾನೂ ಇದೇ ಏಟು ತಿಂದವನು. 2018ರಲ್ಲಿ ಮುಂಬೈಯಲ್ಲಿ ಕೆಲಸ ಮಾಡುತ್ತ ಸಂಜೆಯ ಎಂಬಿಎ ಓದುತ್ತಿದ್ದಾಗ ಮಾಟುಂಗದಲ್ಲಿರುವ ನಮ್ಮ ಮಾವನ ಹೋಟೆಲನ್ನೇ ಅಸೈನ್‌ಮೆಂಟಿಗೆ ತೆಗೆದುಕೊಂಡಿದ್ದೆ. ಸಾಮರ್ಥ್ಯ: ಒಳ್ಳೆಯ ಜಾಗ, ರುಚಿ, ನುರಿತ ಭಟ್ಟರು, ಹಳೇ ಗಿರಾಕಿಗಳು. ದೌರ್ಬಲ್ಯ: ಡಿಜಿಟಲ್ ಮಾರ್ಕೆಟಿಂಗ್ ಇಲ್ಲ. ಅವಕಾಶ: ಆನ್‌ಲೈನ್ ಡೆಲಿವರಿ, ಹೊಸ ಶಾಖೆ. ಅಪಾಯ: ಸ್ಪರ್ಧೆ, ಬೆಲೆಯೇರಿಕೆ. ಮೇಷ್ಟ್ರಿಗೆ ಕೊಡುವ ಮೊದಲು ಮಾವನಿಗೆ ಓದಿ ಹೇಳಿದೆ. ಅವರು ಗಲ್ಲಾದಿಂದ ಏಳದೆ ಕೇಳಿದರು: "ಅಲ್ಲ ಮಾರಾಯ, ಇದು ಎದುರಿನ ಹೋಟೆಲಿಂದೂ ಹೌದಲ್ಲ?"

ಆ ಸೆಮಿಸ್ಟರಿನಲ್ಲಿ ಕಲಿತದ್ದೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಈಗ ಪುಣೆಯಲ್ಲಿ ವಾರಕ್ಕೆರಡು ಸಂಜೆ ಪಾಠ ಮಾಡುತ್ತೇನೆ. ತಿದ್ದಲು ಕೂತಾಗ ಮೊದಲು ಮಾಡುವುದು ಇದನ್ನೇ: ವಾಕ್ಯದಲ್ಲಿರುವ ಕಂಪನಿಯ ಹೆಸರು ಅಳಿಸಿ ಪ್ರತಿಸ್ಪರ್ಧಿಯ ಹೆಸರು ಇಡುತ್ತೇನೆ. ಆಗಲೂ ವಾಕ್ಯ ನಿಜವೇ ಆಗಿದ್ದರೆ ಅದು ಸಾಮರ್ಥ್ಯವಲ್ಲ, ಆ ದಂಧೆಗೆ ಇಳಿಯಲು ಬೇಕಾದ ಕನಿಷ್ಠ ಯೋಗ್ಯತೆ ಅಷ್ಟೇ. ಮಾಟುಂಗದಲ್ಲಿ ರುಚಿಯಿಲ್ಲದ ಉಡುಪಿ ಹೋಟೆಲು ಎಷ್ಟು ದಿನ ನಡೆದೀತು?

ಎರಡನೇ ತಪ್ಪು ಇನ್ನೂ ಹಿಂದಿನದು: ನನ್ನ ಪಟ್ಟಿ ಯಾವ ನಿರ್ಧಾರಕ್ಕಾಗಿ ಅನ್ನುವುದೇ ಬರೆದಿರಲಿಲ್ಲ. ಗುರಿ ಗೊತ್ತಿಲ್ಲದೆ ಸಾಮರ್ಥ್ಯ ಎಣಿಸುವುದು ತೌಡು ಕುಟ್ಟಿದ ಹಾಗೆ. ಆಗ ಮಾವನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಪ್ರಶ್ನೆ, ಮುಂಬೈ ಪಕ್ಕದ ಠಾಣೆ ನಗರದಲ್ಲಿ ಎರಡನೇ ಹೋಟೆಲು ತೆರೆಯಬೇಕೇ ಬೇಡವೇ. ಅದನ್ನು ಪುಟದ ಮೇಲೆ ಬರೆದಿಟ್ಟುಕೊಂಡು ಮತ್ತೆ ನೋಡಿದಾಗ ಅರ್ಧ ಪಟ್ಟಿ ತಾನಾಗಿಯೇ ಉದುರಿತು. "ಹೊಸ ಶಾಖೆ" ಅವಕಾಶದ ಚೌಕದಿಂದ ಹೊರಬಿತ್ತು, ಏಕೆಂದರೆ ಅದು ನಾವು ಮಾಡಬಹುದಾದ ಕೆಲಸ, ಹೊರಗಿನ ಸ್ಥಿತಿಯಲ್ಲ. ಅವಕಾಶ, ಅಪಾಯ ಎರಡಕ್ಕೂ ನನ್ನ ಪರೀಕ್ಷೆ ಇದು: ನಾಳೆ ಈ ಹೋಟೆಲು ಮುಚ್ಚಿದರೂ ಆ ಮಾತು ನಿಜವಾಗಿ ಉಳಿಯುತ್ತದೆಯೇ? ಉಳಿಯದಿದ್ದರೆ ಅದು ಒಳಗಿನ ವಿಷಯ, ಅಥವಾ ಅವಸರದಲ್ಲಿ ಮೊದಲೇ ಬರೆದುಬಿಟ್ಟ ಉತ್ತರ. ವಿದ್ಯಾರ್ಥಿಗಳ ಅವಕಾಶದ ಚೌಕದಲ್ಲಿ ಬಹುಪಾಲು ಈ ಎರಡನೇ ಬಗೆಯವೇ ಇರುತ್ತವೆ.

ಈಗ "ಒಳ್ಳೆಯ ಜಾಗ" ಎಂಬ ಎರಡು ಪದ ತೆಗೆದುಕೊಳ್ಳಿ. ಒಳ್ಳೆಯದು ಅಂದರೆ ಏನು, ಯಾರಿಗಿಂತ, ಎಷ್ಟು? ಮಾವನ ಲೆಕ್ಕದ ಪುಸ್ತಕ ತೆಗೆಸಿದೆ. ದಿನಕ್ಕೆ ಸರಾಸರಿ 650 ಬಿಲ್, ಬಿಲ್ಲಿಗೆ 110 ರೂಪಾಯಿ; ತಿಂಗಳಿಗೆ ಸುಮಾರು 21 ಲಕ್ಷ ವ್ಯಾಪಾರ. ಸಾಮಾನು, ಸಂಬಳ, ಗ್ಯಾಸು, ಕರೆಂಟು, ಬಾಡಿಗೆ ಎಲ್ಲ ಕಳೆದು ಉಳಿಯುವುದು 2.8 ಲಕ್ಷ. ಅದರಲ್ಲಿ ಬಾಡಿಗೆಗೆ ಹೋದದ್ದು ಎಷ್ಟು? 11 ಸಾವಿರ. ಮುಂಬೈ ಗೊತ್ತಿದ್ದವರು ಇಲ್ಲೇ ಹುಬ್ಬೇರಿಸುತ್ತಾರೆ. ಅಜ್ಜನ ಕಾಲದ ಪಗಡಿ ಜಾಗ ಅದು: ಆಗ ಒಂದು ದೊಡ್ಡ ಮೊತ್ತ ಕೊಟ್ಟು ಒಳಗೆ ಬಂದರೆ, ಬಾಡಿಗೆ ಕಾನೂನಿನ ರಕ್ಷಣೆಯಲ್ಲಿ ಪುಡಿಗಾಸಿನ ಬಾಡಿಗೆಗೆ ಪೀಳಿಗೆಗಳವರೆಗೆ ಇರಬಹುದು. ಅದೇ ಬೀದಿಯಲ್ಲಿ ಅಷ್ಟೇ ಜಾಗಕ್ಕೆ ಹೊಸಬರು ಕೊಡುತ್ತಿದ್ದದ್ದು ಎರಡೂವರೆ ಲಕ್ಷ. ಮಾವನೂ ಅಷ್ಟು ಕೊಡಬೇಕಾಗಿದ್ದರೆ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುತ್ತಿದ್ದದ್ದು 40 ಸಾವಿರದ ಆಸುಪಾಸು.

ಅಂದರೆ ಮನೆಯವರೆಲ್ಲ ಕಾಫಿಯ ಘಮಕ್ಕೆ, ಭಟ್ಟರ ಕೈಗುಣಕ್ಕೆ ಲೆಕ್ಕ ಹಾಕಿಕೊಂಡಿದ್ದ ಲಾಭದ ಬಹುಪಾಲು ನಿಜವಾಗಿ ಒಂದು ಹಳೇ ಬಾಡಿಗೆ ಚೀಟಿಯದು. ಮಾವನಿಗೆ ಇದು ಖುಷಿ ಕೊಡಲಿಲ್ಲ. ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ.

ನಿರ್ಧಾರಕ್ಕೆ ಬೇಕಿದ್ದ ಮಾತು ಅಲ್ಲೇ ಸಿಕ್ಕಿತು: ಈ ಸಾಮರ್ಥ್ಯ ಠಾಣೆಗೆ ಬರುವುದಿಲ್ಲ. ರುಬ್ಬುವ ಗ್ರೈಂಡರ್ ಒಯ್ಯಬಹುದು, ಭಟ್ಟರನ್ನು ಕಳಿಸಬಹುದು, ಪಗಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಲಾಗದು. ಠಾಣೆಯಲ್ಲಿ ನೋಡಿದ್ದ ಜಾಗಕ್ಕೆ ತಿಂಗಳಿಗೆ 1.8 ಲಕ್ಷ ಕೇಳಿದ್ದರು. ಮಾಟುಂಗದಲ್ಲಿ ಬಾಡಿಗೆ ಕೊಡುವ ಮುಂಚೆ ಉಳಿಯುವುದು ವ್ಯಾಪಾರದ 14%ದಷ್ಟು. ಅದೇ ಪ್ರಮಾಣ ಅಲ್ಲೂ ಸಿಕ್ಕರೆ, ಬರೀ ಬಾಡಿಗೆ ಹುಟ್ಟಿಸಲು ತಿಂಗಳಿಗೆ ಸುಮಾರು 13 ಲಕ್ಷ ವ್ಯಾಪಾರ, ಅಂದರೆ ದಿನಕ್ಕೆ 400 ಬಿಲ್ ಬೇಕು. ಹೊಸ ಹೋಟೆಲಿನಲ್ಲಿ ಗಿರಾಕಿ ಕಡಿಮೆ, ಸಂಬಳ ಅಷ್ಟೇ. ಹಾಗಾಗಿ 14% ಸಿಗುವುದೂ ಅನುಮಾನ.

ಈ 400 ಅನ್ನು ಪರೀಕ್ಷಿಸಬಹುದು ಅನ್ನುವುದೇ ಇದರ ಬೆಲೆ. ಆ ಜಾಗದ ಪಕ್ಕದಲ್ಲೊಂದು ಅಂಥದ್ದೇ ಹೋಟೆಲಿತ್ತು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಂದು ಕಾಫಿ, ರಾತ್ರಿ ಮುಚ್ಚುವ ಮೊದಲು ಒಂದು ಕಾಫಿ. ಎರಡು ಬಿಲ್ಲುಗಳ ಕ್ರಮಸಂಖ್ಯೆ ಕಳೆದರೆ ಆ ದಿನದ ಬಿಲ್ ಎಷ್ಟೆಂದು ತಿಳಿಯುತ್ತದೆ. ಹೋಟೆಲಿನವರಿಗೆ ಇದು ಹಳೇ ವಿದ್ಯೆ, ಮಾವನೇ ಹೇಳಿಕೊಟ್ಟದ್ದು. ಮೂರು ದಿನ ನೋಡಿದೆ, ಯಾವ ದಿನವೂ 330 ದಾಟಲಿಲ್ಲ. ನಿಮ್ಮ ಬೇಕರಿಯಲ್ಲೂ ಇದನ್ನೇ ಮಾಡಿ. "ಸ್ಪರ್ಧೆ ಹೆಚ್ಚು" ಎಂಬ ಅಪಾಯದ ಬದಲು ಇಂಥ ಒಂದು ಎಣಿಕೆ ಇಟ್ಟರೆ ಮೇಡಂ ವಾಪಸ್ ಕೊಡಲಾರರು.

"ಆನ್‌ಲೈನ್ ಡೆಲಿವರಿ" ಎಂಬ ಅವಕಾಶವನ್ನೂ ಹೀಗೇ ಬಿಡಿಸಿದೆ. 200 ರೂಪಾಯಿ ಬಿಲ್ಲಿಗೆ ಸಾಮಾನು 70. ಕೂತು ತಿಂದರೆ 130 ಉಳಿಯುತ್ತದೆ. ಆ್ಯಪಿನಲ್ಲಿ ಬಂದರೆ ನಮ್ಮ ಒಪ್ಪಂದದ ಪ್ರಕಾರ 24% ಕಮಿಷನ್, ಅಂದರೆ 48, ಪ್ಯಾಕಿಂಗಿಗೆ 12, ಉಳಿಯುವುದು 70. ಬೆಳಿಗ್ಗೆ ಒಂಬತ್ತಕ್ಕೆ ಜನ ಬಾಗಿಲಲ್ಲಿ ನಿಂತಿರುವಾಗ ಒಂದು ಕಾವಲಿಯ ಮೇಲೆ ಈ 70ಕ್ಕಾಗಿ ಆ 130ನ್ನು ಕಾಯಿಸುವುದು ನಷ್ಟ. ಮಧ್ಯಾಹ್ನ ಮೂರರಿಂದ ಆರರ ನಡುವೆ ಅಡುಗೆಮನೆ ಸುಮ್ಮನಿದ್ದಾಗ ಅದೇ 70 ಲಾಭ. ಅದೂ ದೋಸೆಯಲ್ಲ, ಡಬ್ಬಿಯಲ್ಲಿ ಮೆತ್ತಗಾಗಿ ಬೈಗುಳ ತರುತ್ತದೆ. ಇಡ್ಲಿ, ಬಿಸಿಬೇಳೆಬಾತು ತಡೆಯುತ್ತವೆ. ಹೀಗೆ ಎರಡು ಪದದ ಅವಕಾಶ "ಮೂರರಿಂದ ಆರು, ಇಡ್ಲಿ ಮತ್ತು ಬಾತು ಮಾತ್ರ" ಎಂಬಷ್ಟಕ್ಕೆ ಇಳಿಯಿತು. ಚಿಕ್ಕದಾಯಿತು, ಆದರೆ ಮಾರನೇ ದಿನವೇ ಮಾಡಬಹುದಾದ್ದಾಯಿತು.

ಡಿಜಿಟಲ್ ಮಾರ್ಕೆಟಿಂಗ್ ಇಲ್ಲದಿರುವುದನ್ನು ಹೊಡೆದುಹಾಕಿದೆ. ಇಲ್ಲದ್ದೆಲ್ಲ ದೌರ್ಬಲ್ಯವಾದರೆ ಹೆಲಿಪ್ಯಾಡ್ ಇಲ್ಲದ್ದೂ ದೌರ್ಬಲ್ಯವೇ.

ಇನ್ನು ಮಿತಿಗಳು. "ಸ್ವಾಟ್ ವ್ಯಕ್ತಿನಿಷ್ಠ, ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ" ಅಂತ ಪುಸ್ತಕದ ಮಾತು ನಕಲು ಮಾಡಬೇಡಿ. ನೀವು ಮಾಡಿದ ಸ್ವಾಟ್ ಎಲ್ಲಿ ಕೈಕೊಟ್ಟಿತು ಅಂತ ಬರೆಯಿರಿ. ನನ್ನದರಲ್ಲಿ ಅದು ಪಗಡಿಯೇ. ಕಟ್ಟಡ ಹಳೆಯದು, ದುರಸ್ತಿಗಾಗಿ ಸೆಸ್ ಎಂಬ ತೆರಿಗೆ ಕಟ್ಟುವಂಥದ್ದು. ಪುನರಭಿವೃದ್ಧಿಗೆ ಹೋದರೆ ಬಾಡಿಗೆದಾರನಿಗೆ ಹೊಸ ಕಟ್ಟಡದಲ್ಲಿ ಜಾಗ ಸಿಗಬೇಕು, ನಿಜ, ಆದರೆ ಕಟ್ಟಿ ಮುಗಿಯುವ ತನಕ ಗಿರಾಕಿ ಕಾಯುತ್ತಾನೆಯೇ? ಹಾಗಾದರೆ ಅದೇ ಬಾಡಿಗೆ ಚೀಟಿ ಇಂದು ಅತಿ ದೊಡ್ಡ ಸಾಮರ್ಥ್ಯ, ನಾಳೆ ಅತಿ ದೊಡ್ಡ ಅಪಾಯ. ನಾಲ್ಕು ಚೌಕದಲ್ಲಿ ಅದನ್ನು ಎಲ್ಲಿಡುವುದು? ಎರಡು ಕಡೆ ಇಟ್ಟರೂ, ಅವೆರಡೂ ಒಂದೇ ಸಂಗತಿಯ ಎರಡು ಮುಖ ಅಂತ ಚೌಕ ಹೇಳುವುದಿಲ್ಲ. ಒಂದು ಅಂಶ 2.4 ಲಕ್ಷದ್ದು, ಪಕ್ಕದ್ದು 2 ಸಾವಿರದ್ದು ಅಂತಲೂ ಹೇಳುವುದಿಲ್ಲ. ಎರಡೂ ಒಂದೊಂದು ಸಾಲು ಅಷ್ಟೇ. ಈ ಎರಡನ್ನೂ ನಾನು ಚೌಕದ ಕೆಳಗೆ ಒಂದು ಪ್ಯಾರಾದಲ್ಲಿ ಬರೆದೆ, ತೂಕವನ್ನು ರೂಪಾಯಿಯಲ್ಲಿ ಕೊಟ್ಟೆ.

ಚೌಕಗಳನ್ನು ಒಂದಕ್ಕೊಂದು ಜೋಡಿಸಲು 1982ರಲ್ಲಿ ಹೈಂಜ್ ವೈರಿಕ್ ಮುಂದಿಟ್ಟ ಟೋಸ್ ಕೋಷ್ಟಕ ನಿಮ್ಮ ಸಿಲಬಸ್ಸಿನಲ್ಲಿ ಇದ್ದೀತು. ಅದರ ನಾಲ್ಕೂ ಮನೆ ತುಂಬಲೇಬೇಕು ಅಂತ ಹಟ ಹಿಡಿದರೆ ಮತ್ತೆ ಹಳೇ ಪಟ್ಟಿಯೇ ಹುಟ್ಟುತ್ತದೆ. ನಾನು ಎರಡೇ ಜೋಡಿ ಬರೆದೆ: ಸುಮ್ಮನಿರುವ ಅಡುಗೆಮನೆ ಮತ್ತು ಮಧ್ಯಾಹ್ನದ ಪಾರ್ಸಲ್, ಪಗಡಿ ಮತ್ತು ಪುನರಭಿವೃದ್ಧಿ. ಎರಡನೆಯದರಿಂದ ಬಂದ ಸಲಹೆ ನನಗೇ ಅನಿರೀಕ್ಷಿತವಾಗಿತ್ತು. ಠಾಣೆಯ ಹೋಟೆಲು ಲಾಭಕ್ಕಾಗಿ ಬೇಡ. ಮಾಟುಂಗದ ಕಟ್ಟಡ ಕೆಡಹುವ ದಿನಾಂಕ ಗೊತ್ತಾದ ಮೇಲೆ, ಭಟ್ಟರು ಮತ್ತು ಸಪ್ಲೈಯರ್‌ಗಳು ಚದುರದ ಹಾಗೆ ಹಿಡಿದಿಡಲು ಬೇಕಾಗಬಹುದು.

ವೈವಾದಲ್ಲಿ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ಸ್ವಾಟ್‌ನಲ್ಲಿ ಯಾವ ಸಾಲು ಸುಳ್ಳಾದರೆ ಸಲಹೆ ತಿರುಗುಮುರುಗಾಗುತ್ತದೆ? ದಿನಕ್ಕೆ 400 ಬಿಲ್ ಅಂದೆ. ಪಕ್ಕದ ಹೋಟೆಲಿನಲ್ಲಿ 330ರ ಬದಲು 600 ಬಂದಿದ್ದರೆ ಠಾಣೆ ತೆರೆಯಿರಿ ಅಂತಲೇ ಬರೆಯುತ್ತಿದ್ದೆ. ನಿಮ್ಮ ಬೇಕರಿಗೂ ಅಂಥದ್ದೊಂದು ಸಾಲು ಇದೆಯೇ ನೋಡಿ. ಸಿಗದಿದ್ದರೆ ಬೇಕರಿ ಎದುರಿಸುತ್ತಿರುವ ನಿರ್ಧಾರ ಏನು ಅಂತ ಇಲ್ಲೇ ಕೆಳಗೆ ಬರೆಯಿರಿ, 26ರಲ್ಲಿ ಯಾವುದನ್ನು ಹೊಡೆಯಬಹುದು ಅಂತ ಒಟ್ಟಿಗೆ ನೋಡೋಣ.