ಬಾಕಿ ಯಾವ ಕಾರ್ಡಿಗೆ ಮೊದಲು: ಕಲಬುರಗಿಯ ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ದಂಪತಿಯ ಗುರುತು ಸಿಗದಂತೆ ಅವರ ಉದ್ಯೋಗದ ವಿವರ, ಬಡಾವಣೆ ಮತ್ತು ಬ್ಯಾಂಕುಗಳ ಹೆಸರನ್ನು ಕೈಬಿಡಲಾಗಿದೆ. ಮೊತ್ತಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ದುಂಡಗೆ ಮಾಡಲಾಗಿದೆ. ಪತಿ ಕಲಬುರಗಿಯ ಖಾಸಗಿ ಸಂಸ್ಥೆಯೊಂದರಲ್ಲಿ ಸಂಬಳದ ನೌಕರ. ನಗರದ ಅಂಚಿನಲ್ಲಿ ಕೊಂಡ ನಿವೇಶನದಲ್ಲಿ ಮನೆ ಕಟ್ಟಿಸಲು ಅವರು 2025ರ ಜುಲೈನಲ್ಲಿ ಗೃಹಸಾಲ ಕೇಳಿದಾಗ, ಸಾಲ ತೀರಿಸುವ ರೂಢಿಯನ್ನು ಅಳೆಯುವ ಸಿಬಿಲ್ ಅಂಕ 668 ಇದೆ, ಸುಧಾರಿಸಿಕೊಂಡು ಮೂರು ತಿಂಗಳ ನಂತರ ಬನ್ನಿ ಎಂದು ಬ್ಯಾಂಕಿನವರು ಕಳುಹಿಸಿದ್ದರು. ಅವರ ಪತ್ನಿ ಕಟ್ಟುತ್ತಿದ್ದ ಭಿಶಿಯ, ಅಂದರೆ ಹಲವರು ಹಣ ಹಾಕಿ ಸರದಿಯಂತೆ ಎತ್ತಿಕೊಳ್ಳುವ ಚೀಟಿಯ, ಸರದಿ ಆಗಸ್ಟ್ ಮೊದಲ ವಾರದಲ್ಲಿ ಬಂದು 60,000 ರೂಪಾಯಿ ಕೈಸೇರಲಿತ್ತು. ಆ ಹಣವನ್ನು ಯಾವ ಕಾರ್ಡಿಗೆ ಕಟ್ಟಬೇಕು ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು.

ಅವರ ಬಳಿ ನಾಲ್ಕು ಕ್ರೆಡಿಟ್ ಕಾರ್ಡುಗಳಿದ್ದವು. ಒಂದನೆಯದರ ಮಿತಿ 40,000, ಬಾಕಿ 38,000. ಎರಡನೆಯದರ ಮಿತಿ 1,50,000, ಬಾಕಿ 66,000. ಮೂರನೆಯದರ ಮಿತಿ 60,000, ಬಾಕಿ 42,000. ಈ ಬಾಕಿಯಲ್ಲಿ 30,000 ಫ್ರಿಜ್ ಮತ್ತು ವಾಷಿಂಗ್ ಮೆಷಿನ್ ಕೊಂಡಾಗ ಕಂತಿಗೆ ಬದಲಿಸಿಕೊಂಡ ಮೊತ್ತ, ಉಳಿದ 12,000 ಸಾಮಾನ್ಯ ಖರೀದಿಯದು. ನಾಲ್ಕನೆಯ ಕಾರ್ಡಿಗೆ 50,000 ಮಿತಿಯಿದ್ದು, ಅದನ್ನು ಅವರು ಬಳಸುತ್ತಲೇ ಇರಲಿಲ್ಲ. ಒಂದನೆಯ ಮತ್ತು ಮೂರನೆಯ ಕಾರ್ಡುಗಳ ಸಾಮಾನ್ಯ ಬಾಕಿಗೆ ತಿಂಗಳಿಗೆ ಶೇ 3.5ರ ಬಡ್ಡಿ, ಎರಡನೆಯದಕ್ಕೆ ಶೇ 3.75, ಕಂತಿನ ಮೊತ್ತಕ್ಕೆ ವರ್ಷಕ್ಕೆ ಶೇ 15 ಇತ್ತು. ಅವರು ಪ್ರತಿ ತಿಂಗಳು ಎಲ್ಲ ಕಾರ್ಡಿಗೂ ಬಿಲ್ಲಿನ ಕನಿಷ್ಠ ಮೊತ್ತವಾದ ಮಿನಿಮಮ್ ಡ್ಯೂ ಮಾತ್ರ ತುಂಬುತ್ತ ಬಂದಿದ್ದರು.

ಅಂಕವನ್ನು ಏರಿಳಿಸುವ ಸಂಗತಿಗಳಲ್ಲಿ ಒಂದಾದ ಬಳಕೆಯ ಪ್ರಮಾಣವೆಂದರೆ ಬಾಕಿಯನ್ನು ಮಿತಿಯಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಬರುವ ಶೇಕಡಾವಾರು. ಇದನ್ನು ಎಲ್ಲ ಕಾರ್ಡುಗಳನ್ನು ಒಟ್ಟು ಸೇರಿಸಿ ಒಮ್ಮೆ, ಪ್ರತಿ ಕಾರ್ಡನ್ನು ಬೇರೆಯಾಗಿ ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಬೇಕು. ಇವರ ಒಟ್ಟು ಮಿತಿ 3,00,000, ಒಟ್ಟು ಬಾಕಿ 1,46,000, ಅಂದರೆ ಒಟ್ಟು ಬಳಕೆ ಶೇ 48.7. ಬಿಡಿಯಾಗಿ ನೋಡಿದರೆ ಒಂದನೆಯದು ಶೇ 95, ಎರಡನೆಯದು ಶೇ 44, ಮೂರನೆಯದು ಶೇ 70, ನಾಲ್ಕನೆಯದು ಸೊನ್ನೆ. ಶೇ 30ರ ಒಳಗಿದ್ದರೆ ಒಳ್ಳೆಯದೆಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಅದು ರೂಢಿಯ ಅಳತೆಯೇ ಹೊರತು ಗೆರೆ ದಾಟಿದೊಡನೆ ಅಂಕ ಕುಸಿಯುವ ನಿಯಮವಲ್ಲ. ಶೇ 31 ಮತ್ತು ಶೇ 29ರ ನಡುವೆ ಹೆಚ್ಚು ಅಂತರ ಕಾಣಬೇಕಿಲ್ಲ. ಆದರೆ ಮಿತಿಯನ್ನು ಬಹುತೇಕ ಮುಟ್ಟಿ ನಿಂತ ಶೇ 95ರ ಕಾರ್ಡು, ಕೈಯಲ್ಲಿ ಹಣವಿಲ್ಲದವರ ಲಕ್ಷಣವಾಗಿ ಸಾಲ ಕೊಡುವವರ ಕಣ್ಣಿಗೆ ಬೀಳುತ್ತದೆ.

ಲೆಕ್ಕಕ್ಕೆ ಇಳಿಯುವ ಮೊದಲು ನಾನು ಅವರ ಕ್ರೆಡಿಟ್ ವರದಿಯನ್ನು ತರಿಸಿಕೊಂಡೆ. ಸಿಬಿಲ್‌ನಂಥ ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು, ಮತ್ತು ತನ್ನ ವರದಿಯನ್ನು ತಾನೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಬ್ಯಾಂಕಿನ ಆಪ್ ತೋರಿಸುವ ಮಿತಿಯನ್ನು ನಂಬಿ ಲೆಕ್ಕ ಹಾಕುವವರೇ ಹೆಚ್ಚು. ಅಂಕ ಕಟ್ಟುವುದು ವರದಿಯಲ್ಲಿರುವ ಮಿತಿಯ ಮೇಲೆ. ಒಂದನೆಯ ಕಾರ್ಡಿನ ಮಿತಿ ಹಿಂದಿನ ವರ್ಷವೇ 40,000ಕ್ಕೆ ಏರಿದ್ದರೂ ವರದಿಯಲ್ಲಿ ಹಳೆಯ 30,000 ಹಾಗೆಯೇ ಉಳಿದಿತ್ತು. ಹೀಗಾಗಿ ಶೇ 95 ಇರಬೇಕಾದ ಬಳಕೆ ವರದಿಯ ಪ್ರಕಾರ ಶೇ 127 ಆಗಿ, ಅವರು ಮಿತಿ ಮೀರಿ ಖರ್ಚು ಮಾಡಿದವರಂತೆ ಕಾಣುತ್ತಿದ್ದರು. ಅಂದೇ ಆನ್‌ಲೈನಿನಲ್ಲಿ ತಿದ್ದುಪಡಿಯ ಅರ್ಜಿ ಹಾಕಿಸಿ, ಕಾರ್ಡ್ ನೀಡಿದ ಬ್ಯಾಂಕಿಗೂ ಇಮೇಲ್ ಕಳುಹಿಸಲು ಹೇಳಿದೆ. ಇಂಥ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವನ್ನು ಇಮೇಲಿನಲ್ಲಿ ಉಲ್ಲೇಖಿಸುವುದು ಉಪಯುಕ್ತ.

ಪತಿ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡು ಬಂದಿದ್ದರು. "ಸರ್, ಎಲ್ಲಕ್ಕಿಂತ ದೊಡ್ಡ ಬಾಕಿ ಎರಡನೇ ಕಾರ್ಡಿಂದು, ಬಡ್ಡೀನೂ ಅದಕ್ಕ ಜಾಸ್ತಿ. ಅಷ್ಟೂ ರೊಕ್ಕ ಅದಕ್ಕೇ ತುಂಬಿಬಿಟ್ರ ಹ್ಯಾಂಗ?" ಎಂದು ಕೇಳಿದರು. ಬಡ್ಡಿಯ ದೃಷ್ಟಿಯಿಂದ ಇದು ಸರಿಯಾದ ಆಲೋಚನೆ, ಮತ್ತು ಗೃಹಸಾಲದ ಮಾತು ಇರದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ 60,000 ರೂಪಾಯಿಯನ್ನು ಯಾವ ಕಾರ್ಡಿಗೆ ಕಟ್ಟಿದರೂ ಒಟ್ಟು ಬಾಕಿ 86,000ಕ್ಕೆ, ಒಟ್ಟು ಬಳಕೆ ಶೇ 28.7ಕ್ಕೆ ಇಳಿಯುತ್ತದೆ, ಆ ಅಂಕಿ ಹಂಚಿಕೆಯನ್ನು ಅವಲಂಬಿಸಿಲ್ಲ. ಹಂಚಿಕೆಯಿಂದ ಬದಲಾಗುವುದು ಬಿಡಿ ಕಾರ್ಡುಗಳ ಪ್ರಮಾಣ ಮತ್ತು ಬಡ್ಡಿ, ಈ ಎರಡೇ. ಅವರ ಯೋಚನೆಯಂತೆ ಮಾಡಿದರೆ ಎರಡನೆಯ ಕಾರ್ಡು ಶೇ 4ಕ್ಕೆ ಬರುತ್ತದೆ, ಒಂದನೆಯದು ಶೇ 95ರಲ್ಲೂ ಮೂರನೆಯದು ಶೇ 70ರಲ್ಲೂ ಹಾಗೆಯೇ ನಿಲ್ಲುತ್ತವೆ.

ಆದ್ದರಿಂದ ನಾನು ಸೂಚಿಸಿದ ಹಂಚಿಕೆ ಹೀಗಿತ್ತು: ಒಂದನೆಯದಕ್ಕೆ 28,000, ಮೂರನೆಯದಕ್ಕೆ 12,000, ಎರಡನೆಯದಕ್ಕೆ ಉಳಿದ 20,000. ಒಂದನೆಯದರಲ್ಲಿ 10,000 ಉಳಿದು ಬಳಕೆ ಶೇ 25 ಆಗುತ್ತದೆ. 26,000 ಕಟ್ಟಿದ್ದರೂ ಶೇ 30 ಮುಟ್ಟುತ್ತಿತ್ತು, ಆದರೆ ಕಟ್ಟುವ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬಂದೇ ಬರುತ್ತದೆ. 38,000ಕ್ಕೆ ಇಪ್ಪತ್ತು ದಿನದ ಬಡ್ಡಿಯೂ ಅದರ ಮೇಲಿನ ಶೇ 18ರ ಜಿಎಸ್‌ಟಿಯೂ ಸೇರಿ ಸಾವಿರ ರೂಪಾಯಿಯ ಆಸುಪಾಸು ಆಗುವುದರಿಂದ ಅಷ್ಟು ಸಡಿಲ ಬಿಡಬೇಕಾಯಿತು. ಎರಡನೆಯದು 46,000ಕ್ಕೆ, ಅಂದರೆ ಶೇ 31ರ ಹತ್ತಿರಕ್ಕೆ ಬರುತ್ತದೆ. ಈ ಹಂಚಿಕೆಯಿಂದ ಬಡ್ಡಿಯಲ್ಲಿ ಎಷ್ಟು ನಷ್ಟ? ಅಷ್ಟನ್ನೂ ಎರಡನೆಯದಕ್ಕೆ ಕಟ್ಟಿದ್ದರೆ ತಿಂಗಳಿಗೆ 2,250 ರೂಪಾಯಿ ಬಡ್ಡಿ ತಪ್ಪುತ್ತಿತ್ತು. ಹಂಚಿ ಕಟ್ಟಿದಾಗ 2,150 ತಪ್ಪುತ್ತದೆ. ವ್ಯತ್ಯಾಸ ಜಿಎಸ್‌ಟಿ ಸೇರಿ ತಿಂಗಳಿಗೆ 118 ರೂಪಾಯಿ. ಮೂರು ತಿಂಗಳಿಗೆ 354 ರೂಪಾಯಿ ಕೊಟ್ಟು ಶೇ 95ರ ಕಾರ್ಡನ್ನು ವರದಿಯಿಂದ ಇಲ್ಲವಾಗಿಸುವುದು ನನ್ನ ಅಭಿಪ್ರಾಯದಲ್ಲಿ ತಕ್ಕ ಬೆಲೆ. ಎರಡು ಕಾರ್ಡುಗಳ ಬಡ್ಡಿದರ ಇಷ್ಟು ಸಮೀಪ ಇರದಿದ್ದರೆ ಈ ತೀರ್ಮಾನ ಬದಲಾಗಬಹುದಿತ್ತು.

ಮೂರನೆಯ ಕಾರ್ಡಿನ ಕಂತನ್ನೂ ತೀರಿಸಿಬಿಡಬೇಕೆಂದು ಅವರಿಗೆ ಅನಿಸಿತ್ತು. ಇಲ್ಲಿ ಹಲವರು ಎಡವುತ್ತಾರೆ. ಬಿಲ್ಲಿಗಿಂತ ಹೆಚ್ಚು ಹಣ ಕಟ್ಟಿದರೆ ಅದು ತಾನಾಗಿ ಕಂತಿನ ಅಸಲಿಗೆ ಹೋಗುವುದಿಲ್ಲ, ಕಾರ್ಡಿನಲ್ಲಿ ಜಮೆಯಾಗಿ ಕೂರುತ್ತದೆ. ಕಂತನ್ನು ಅವಧಿಗೆ ಮೊದಲೇ ಮುಚ್ಚಬೇಕೆಂದು ಬೇರೆಯಾಗಿ ಕೋರಬೇಕು. ಇವರ ಕಾರ್ಡಿನಲ್ಲಿ ಅದಕ್ಕೆ ಉಳಿದ ಅಸಲಿನ ಶೇ 3 ಶುಲ್ಕ, ಮೇಲೆ ಜಿಎಸ್‌ಟಿ, ಒಟ್ಟು 1,062 ರೂಪಾಯಿ ಬೀಳುತ್ತಿತ್ತು. ವರ್ಷಕ್ಕೆ ಶೇ 15ರ ಸಾಲವನ್ನು ದಂಡ ತೆತ್ತು ತೀರಿಸಿ, ತಿಂಗಳಿಗೆ ಶೇ 3.75ರ ಸಾಲವನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ವರದಿಯ ಬಾಕಿಯಲ್ಲಿ ಕಂತಿನ ಅಸಲೂ ಸೇರಿದ್ದರಿಂದ ಆ ಕಾರ್ಡು ಶೇ 50ರಲ್ಲಿ ನಿಲ್ಲುತ್ತದೆ, ನಿಲ್ಲಲಿ ಎಂದೆ. ಕಂತು ಕಟ್ಟುತ್ತ ಹೋದಂತೆ ತಿಂಗಳಿಗೆ ಸುಮಾರು 2,300 ರೂಪಾಯಿ ಅಸಲು ಇಳಿದು ಮೂರು ತಿಂಗಳಲ್ಲಿ ಅದು ಶೇ 38ಕ್ಕೆ ಬರುವುದಿತ್ತು.

ಪತ್ನಿಯ ಪ್ರಶ್ನೆ ನಾಲ್ಕನೆಯ ಕಾರ್ಡಿನ ಬಗ್ಗೆ. "ಸುಮ್ನ ಬಿದ್ದದ ಅದು, ಬಂದ್ ಮಾಡಿಸಿಬಿಡೋಣಲ್ಲಾ ಸರ್" ಎಂದರು. ಬಂದ್ ಮಾಡಿಸಿದರೆ ಒಟ್ಟು ಮಿತಿ 2,50,000ಕ್ಕೆ ಇಳಿದು, 60,000 ಕಟ್ಟಿದ ಮೇಲೂ ಬಳಕೆ ಶೇ 34.4 ಆಗುತ್ತದೆ, ಕಟ್ಟಿದ ಹಣದ ಒಂದು ಪಾಲು ವ್ಯರ್ಥವಾದಂತೆ. ವಾರ್ಷಿಕ ಶುಲ್ಕವಿಲ್ಲದ ಕಾರ್ಡು ಅದು. ಉಳಿದ ಮೂರರಲ್ಲಿ ಹಳೆಯ ಬಾಕಿ ಇರುವವರೆಗೆ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಿಗದೆ ಮೊದಲ ದಿನದಿಂದಲೇ ಬಡ್ಡಿ ಹತ್ತುತ್ತದೆ. ಹಾಗಾಗಿ ಕಾರ್ಡಿನಲ್ಲಿ ಕೊಳ್ಳಲೇಬೇಕಾದ ಪೆಟ್ರೋಲ್, ಔಷಧಿಯಂಥವನ್ನು ಇದರಲ್ಲಿ ಮಾತ್ರ ಕೊಂಡು, ಬಿಲ್ಲು ಬಂದಾಗ ಪೂರ್ತಿ ಕಟ್ಟುವಂತೆ ಹೇಳಿದೆ. ಪರಿಚಯದ ಅಂಗಡಿಯಲ್ಲಿ ಕಮಿಷನ್ ಕೊಟ್ಟು ಒಂದು ಕಾರ್ಡನ್ನು ಸ್ವೈಪ್ ಮಾಡಿಸಿ, ಬಂದ ನಗದನ್ನು ಇನ್ನೊಂದಕ್ಕೆ ಕಟ್ಟುವ ಅಭ್ಯಾಸ ಅವರಿಗೆ ಮೊದಲು ಇತ್ತಂತೆ. ಅದರಿಂದ ಬಾಕಿ ಜಾಗ ಬದಲಿಸುತ್ತದೆ, ಕಮಿಷನ್ನಿನಷ್ಟು ಬೆಳೆಯುತ್ತದೆ, ಒಟ್ಟು ಬಳಕೆ ಒಂದು ಪೈಸೆಯೂ ತಗ್ಗುವುದಿಲ್ಲ.

ಕಟ್ಟುವ ದಿನವೂ ಮುಖ್ಯವಾಗಿತ್ತು. 2025ರ ಜನವರಿ 1ರಿಂದ ಬ್ಯಾಂಕುಗಳು ತಿಂಗಳ 15ನೇ ತಾರೀಖು ಮತ್ತು ಕೊನೆಯ ದಿನದ ಲೆಕ್ಕವನ್ನು ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಏಳು ದಿನಗಳೊಳಗೆ ಕಳುಹಿಸಬೇಕಿತ್ತು. ಭಿಶಿಯ ಹಣ ಬಂದೊಡನೆ, ಬಿಲ್ಲಿನ ಕೊನೆಯ ದಿನಕ್ಕೆ ಕಾಯದೆ, ಆಗಸ್ಟ್ 12ರೊಳಗೆ ಮೂರೂ ಪಾವತಿ ಮುಗಿಸಲು ಹೇಳಿದೆ; ಪಾವತಿ ಖಾತೆಗೆ ಜಮೆಯಾಗಲು ಒಂದೆರಡು ದಿನ ಹಿಡಿಯಬಹುದು. ಪ್ರತಿ ಕಾರ್ಡಿನ ಬಾಕಿ ಯಾವ ದಿನದ್ದೆಂಬುದು ವರದಿಯಲ್ಲೇ ಅದರ ಪಕ್ಕದಲ್ಲಿ ಇರುತ್ತದೆ. ಬಾಕಿ ಇಳಿದಿಲ್ಲವೆಂದು ಗಾಬರಿಯಾಗುವ ಮೊದಲು ಆ ತಾರೀಖನ್ನು ನೋಡಬೇಕು.

ಒಂದು ಸಂಗತಿ ಈ ಯೋಜನೆಯಿಂದ ಸರಿಹೋಗುವಂಥದ್ದಲ್ಲವೆಂದು ಮೊದಲೇ ತಿಳಿಸಿದ್ದೆ. ಹಿಂದಿನ ವರ್ಷ ಎರಡನೆಯ ಕಾರ್ಡಿನ ಬಿಲ್ಲು 35 ದಿನ ತಡವಾಗಿತ್ತು. ಬಳಕೆ ಇಳಿದರೆ ಹೊಸ ಬಾಕಿ ವರದಿಗೆ ಬಂದೊಡನೆ ಅಂಕ ಸ್ಪಂದಿಸುತ್ತದೆ, ಆದರೆ ತಡವಾದ ಪಾವತಿ 36 ತಿಂಗಳ ಪಾವತಿ ಇತಿಹಾಸದಲ್ಲಿ ಕಾಣುತ್ತಲೇ ಇರುತ್ತದೆ. ಆದ್ದರಿಂದ ಭಿಶಿಯ ಹಣ ಏನೇ ಆಗಲಿ, ಪ್ರತಿ ಕಾರ್ಡಿನ ಮಿನಿಮಮ್ ಡ್ಯೂ ಸಂಬಳದ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಆಟೋಪೇ ಹಾಕಿಸಿದೆವು.

ಆಗಸ್ಟ್ ಕೊನೆಯ ವರದಿಯಲ್ಲಿ ಬಾಕಿಗಳು ಇಳಿದಿದ್ದವು, ಒಂದನೆಯ ಕಾರ್ಡಿನ ಮಿತಿ ಮಾತ್ರ ಇನ್ನೂ 30,000 ಎಂದೇ ಇತ್ತು. ಸೆಪ್ಟೆಂಬರಿನಲ್ಲಿ ಅದು 40,000 ಆಯಿತು. ನವೆಂಬರ್ ಮೊದಲ ವಾರ ಅಂಕ 716ಕ್ಕೆ ಬಂದಿತ್ತು, ಆ ತಿಂಗಳಲ್ಲೇ ಅವರು ಮತ್ತೆ ಅರ್ಜಿ ಹಾಕಿದರು. ಸಾಲ ಮಂಜೂರಾಗಿ ಮೊದಲ ಕಂತು ಬಿಡುಗಡೆಯಾದ ನಂತರ ಪಾವತಿಯ ಕ್ರಮವನ್ನು ತಿರುಗಿಸಬೇಕೆಂದು ಅವರಿಗೆ ಬರೆದುಕೊಟ್ಟಿದ್ದೇನೆ: ಸಂಬಳದಲ್ಲಿ ಉಳಿಯುವ ಹಣವೆಲ್ಲ ಮೊದಲು ಶೇ 3.75ರ ಎರಡನೆಯ ಕಾರ್ಡಿಗೆ, ಅದು ತೀರಿದ ಮೇಲೆ ಒಂದನೆಯದಕ್ಕೆ, ಮೂರನೆಯದರ ಕಂತು ತನ್ನ ಅವಧಿಯಲ್ಲೇ ಮುಗಿಯಲಿ.